ಪರದೇಶದ ಮೊದಲ ಕಾರು: ಗಾಡಿಯನ್ನು ಕೊನೆಗೆ ನೋಡಿ

ನನ್ನ ತಂಗಿಯ ಮಗ ಜನವರಿಯಲ್ಲಿ ಕೆಲಸದ ಮೇಲೆ ಹ್ಯೂಸ್ಟನ್‌ಗೆ ಹೋದ. ಹೋಗಿ ಹನ್ನೆರಡು ದಿನ ಆಗಿರಲಿಲ್ಲ, ಉಡುಪಿಗೆ ಫೋನ್ ಬಂತು.

"ಮಾವ, ಒಂದು ಕಾರು ನೋಡಿದ್ದೇನೆ. ತಿಂಗಳಿಗೆ ಬರೀ 285 ಡಾಲರ್ ಅಂತೆ."

"ವಿಮೆ ಎಷ್ಟಾಗ್ತದೆ ಕೇಳಿದ್ಯಾ?"

"ಅದು ಆಮೇಲೆ ನೋಡಿದ್ರಾಯ್ತಲ್ಲ ಮಾವ."

ಅವನ ತಪ್ಪಲ್ಲ. ನಮ್ಮಲ್ಲಿ ಎಲ್ಲರೂ ಹಾಗೆಯೇ ಮಾಡುವುದು. ಮೊದಲು ಗಾಡಿ ನೋಡುತ್ತೇವೆ, ಆಮೇಲೆ ಬ್ಯಾಂಕ್ ಅಥವಾ ಸೊಸೈಟಿಯಲ್ಲಿ ಸಾಲ ಕೇಳುತ್ತೇವೆ. ವಿಮೆಯನ್ನು ಶೋರೂಮಿನವನೇ ಮಾಡಿಸಿಕೊಡುತ್ತಾನೆ. ಅಮೆರಿಕದಲ್ಲಿ ಈ ಕ್ರಮವನ್ನು ಪೂರ್ತಿ ತಿರುಗಿಸಬೇಕು. ಮೊದಲು ಲೈಸೆನ್ಸ್, ಆಮೇಲೆ ವಿಮೆಯ ರೇಟು, ಆಮೇಲೆ ದುಡ್ಡಿನ ಲೆಕ್ಕ. ಗಾಡಿ ಎಲ್ಲಕ್ಕಿಂತ ಕೊನೆಗೆ.

ನಾನು ಒಂಬತ್ತು ವರ್ಷ ಹ್ಯೂಸ್ಟನ್‌ನಲ್ಲಿದ್ದವನು. ನನ್ನ ಮೊದಲ ಕಾರಿಗೆ ಒಬ್ಬ ಡೀಲರ್ ಹತ್ತಿರ ಹೋದಾಗ ಅವನು ಗಾಡಿಯ ಬೆಲೆಯನ್ನೇ ಹೇಳಲಿಲ್ಲ. "ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?" ಎಂದ. ನಾನು ದೊಡ್ಡ ಜನದ ಹಾಗೆ "250" ಎಂದೆ. ಸರಿಯಾಗಿ 251 ಡಾಲರಿನ ಕಂತು ತಯಾರಾಗಿ ಬಂತು. 11 ಸಾವಿರದ ಗಾಡಿ, ಶೇಕಡಾ 18 ಬಡ್ಡಿ, 72 ಕಂತು. ಮನೆಗೆ ಬಂದು ಗುಣಿಸಿದರೆ 18 ಸಾವಿರ ದಾಟಿತ್ತು. ಹ್ಯೂಸ್ಟನ್ ಇರುವುದು ಟೆಕ್ಸಾಸ್ ರಾಜ್ಯದಲ್ಲಿ, ಆದ್ದರಿಂದ ಈ ಬರಹದಲ್ಲಿ ಅಲ್ಲಿನ ಲೆಕ್ಕವನ್ನೇ ಹಿಡಿದಿದ್ದೇನೆ. ಬೇರೆ ರಾಜ್ಯಕ್ಕೆ ಹೋದರೆ ತೆರಿಗೆ ಮತ್ತು ವಿಮೆಯ ನಿಯಮ ಬೇರೆ ಇರುತ್ತದೆ, ಆದರೆ ಹೆಜ್ಜೆಗಳು ಇವೇ.

ಊರು ಬಿಡುವ ಮೊದಲು

ಉಡುಪಿಯಲ್ಲಾಗಲಿ ಮಂಗಳೂರಿನಲ್ಲಾಗಲಿ, ನಿಮ್ಮ ವಿಳಾಸಕ್ಕೆ ಬರುವ ಆರ್‌ಟಿಒ ಕಚೇರಿಯಲ್ಲಿ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಒಂದು ವರ್ಷ ಚಾಲ್ತಿಯಲ್ಲಿರುತ್ತದೆ. ಅದು ನಿಮ್ಮ ಲೈಸೆನ್ಸಿನ ಅನುವಾದ ಇದ್ದ ಹಾಗೆ ಅಷ್ಟೇ, ಮೂಲ ಲೈಸೆನ್ಸ್ ಜೊತೆಯಲ್ಲೇ ಇರಬೇಕು. ಲೈಸೆನ್ಸ್ ಕಾರ್ಡಿನಲ್ಲಿ ಮೊದಲ ಬಾರಿ ಕೊಟ್ಟ ದಿನಾಂಕ ಸರಿಯಾಗಿದೆಯಾ ನೋಡಿ. ಅಲ್ಲಿನ ಕೆಲವು ವಿಮಾ ಕಂಪನಿಗಳು ಭಾರತದಲ್ಲಿ ಓಡಿಸಿದ ವರ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಎಲ್ಲವೂ ಅಲ್ಲ. ಇಲ್ಲಿನ ಕಾರಿನ ವಿಮೆಯಲ್ಲಿ ಕ್ಲೇಮ್ ಆಗಿಲ್ಲ ಎಂದಾದರೆ ಕಂಪನಿಯಿಂದ ಅದಕ್ಕೊಂದು ಪತ್ರವನ್ನೂ ಇಟ್ಟುಕೊಳ್ಳಿ. ಕೆಲಸಕ್ಕೆ ಬಂದರೂ ಬಂತು.

ಟೆಕ್ಸಾಸ್‌ನಲ್ಲಿ ನೆಲೆಸಿದ ಮೇಲೆ 90 ದಿನದೊಳಗೆ ಅಲ್ಲಿನ ಲೈಸೆನ್ಸ್ ಮಾಡಿಸಬೇಕು. ನಮ್ಮ ಲೈಸೆನ್ಸ್ ತೋರಿಸಿದರೆ ಸುಮ್ನೆ ಬದಲಾಯಿಸಿ ಕೊಡುವುದಿಲ್ಲ. ಬರವಣಿಗೆಯ ಪರೀಕ್ಷೆಯೂ ಉಂಟು, ಓಡಿಸುವ ಪರೀಕ್ಷೆಯೂ ಉಂಟು. ಒಂದು ತಮಾಷೆ ಏನೆಂದರೆ, ಓಡಿಸುವ ಪರೀಕ್ಷೆಗೆ ಕಾರನ್ನು ನೀವೇ ತರಬೇಕು, ಅದಕ್ಕೆ ವಿಮೆಯೂ ಇರಬೇಕು. ಅಳಿಯ ಆಫೀಸಿನ ಸ್ನೇಹಿತನ ಕಾರು ಕೇಳಿಕೊಂಡು ಹೋದ. ಎರಡು ಕಾರಿನ ನಡುವೆ ನಿಲ್ಲಿಸುವ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿ, ಎರಡನೇ ಸಲ ಪಾಸಾದ.

ಅಲ್ಲಿ ನಿಮ್ಮ ಪರಿಚಯ ಯಾರಿಗೂ ಇಲ್ಲ

ನಮ್ಮದು ಬ್ಯಾಂಕುಗಳೇ ಹುಟ್ಟಿದ ಊರು. ಕೆನರಾ, ಕರ್ಣಾಟಕ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ, ಎಲ್ಲ ಈ ಕರಾವಳಿಯವೇ. ಆದರೆ ಇಲ್ಲಿನ ಸಿಬಿಲ್ ಸ್ಕೋರ್ 800 ಇದ್ದರೂ ಹ್ಯೂಸ್ಟನ್‌ನ ಬ್ಯಾಂಕಿಗೆ ಅದು ಕಾಣುವುದಿಲ್ಲ. ಇಲ್ಲಿ ಜಾಮೀನಿಗೆ ಇಬ್ಬರು ಪರಿಚಯದವರು ಸಿಕ್ಕರೆ ಸೊಸೈಟಿಯಲ್ಲಿ ಸಾಲ ಹುಟ್ಟುತ್ತದೆ. ಅಲ್ಲಿ ಆ ಇಬ್ಬರ ಜಾಗದಲ್ಲಿ ಕ್ರೆಡಿಟ್ ಹಿಸ್ಟರಿ, ಅಂದರೆ ಸಾಲ ತೀರಿಸಿದ ದಾಖಲೆ, ಕೂತಿದೆ.

ಅಲ್ಲಿ ಹೆಚ್ಚಿನವರು ನೋಡುವುದು ಫೈಕೊ ಸ್ಕೋರ್. 300ರಿಂದ 850ರ ತನಕ. ಹೊಸಬರಿಗೆ ಅದು ಕಡಿಮೆ ಇರುತ್ತದೆ ಎಂದಲ್ಲ, ಇರುವುದೇ ಇಲ್ಲ. ಕನಿಷ್ಠ ಒಂದು ಖಾತೆಗೆ ಆರು ತಿಂಗಳು ತುಂಬಿದ ಮೇಲೆಯೇ ಸ್ಕೋರ್ ಹುಟ್ಟುವುದು. ಇಲ್ಲಿ ಖಾತೆ ಎಂದರೆ ಕ್ರೆಡಿಟ್ ಕಾರ್ಡ್ ಅಥವಾ ಸಾಲ. ಡೆಬಿಟ್ ಕಾರ್ಡ್ ಎಷ್ಟು ಉಜ್ಜಿದರೂ ಅದರಲ್ಲಿ ಸೇರುವುದಿಲ್ಲ.

ಆದ್ದರಿಂದ ಅಲ್ಲಿ ಕೆಲಸ ಮಾಡುವವರಿಗೆ ಸರ್ಕಾರ ಕೊಡುವ ಸೋಷಿಯಲ್ ಸೆಕ್ಯುರಿಟಿ ನಂಬರ್ ಕೈಗೆ ಬಂದ ವಾರವೇ ಒಂದು ಸೆಕ್ಯೂರ್ಡ್ ಕಾರ್ಡ್ ತೆಗೆದುಕೊಳ್ಳಿ. ನಮ್ಮಲ್ಲಿ ಎಫ್‌ಡಿ ಇಟ್ಟು ಅದರ ಮೇಲೆ ಕಾರ್ಡ್ ಕೊಡುತ್ತಾರಲ್ಲ, ಅದೇ ರೀತಿ. ಅಳಿಯ 500 ಡಾಲರ್ ಠೇವಣಿ ಇಟ್ಟ, 500ರ ಮಿತಿ ಸಿಕ್ಕಿತು. ಮೊದಲ ತಿಂಗಳು 460 ಖರ್ಚು ಮಾಡಿ, ಗಡುವಿನೊಳಗೆ ಪೂರ್ತಿ ಕಟ್ಟಿ, "ಚೊಕ್ಕ ಆಯ್ತಲ್ಲ ಮಾವ" ಎಂದ. ಚೊಕ್ಕ ಆಗಿರಲಿಲ್ಲ. ಬಿಲ್ ತಯಾರಾದ ದಿನ ಕಾರ್ಡಿನಲ್ಲಿ ಎಷ್ಟು ಬಾಕಿ ಇತ್ತೋ ಅದೇ ಕ್ರೆಡಿಟ್ ವರದಿಗೆ ಹೋಗುವುದು ರೂಢಿ. ಅಂದರೆ ವರದಿಯಲ್ಲಿ ಇವನು ಮಿತಿಯ ತೊಂಬತ್ತು ಭಾಗ ಬಳಸಿದ ಮನುಷ್ಯ, ಕೈಯಲ್ಲಿ ಕಾಸಿಲ್ಲದವನ ಹಾಗೆ ಕಾಣುತ್ತಾನೆ. ಎರಡನೇ ತಿಂಗಳಿನಿಂದ ಬಿಲ್ ದಿನಕ್ಕೆ ಮೂರು ದಿನ ಮೊದಲೇ ಕಟ್ಟಿ, ಬಾಕಿಯನ್ನು ನೂರರ ಆಸುಪಾಸಿನಲ್ಲಿ ಇಡಲು ಹೇಳಿದೆ. ಹಿಂದೆ ಪಿಗ್ಮಿಯವರು ದಿನಾ ಅಂಗಡಿಗೆ ಬಂದು ಎರಡೋ ಐದೋ ರೂಪಾಯಿ ಬರೆದುಕೊಂಡು ಹೋಗುತ್ತಿದ್ದರಲ್ಲ, ಇದರ ಗುಟ್ಟೂ ಅದೇ. ಮೊತ್ತಕ್ಕಿಂತ ತಪ್ಪದೆ ಬಂದದ್ದಕ್ಕೆ ಬೆಲೆ ಜಾಸ್ತಿ.

ನಿಮ್ಮ ವರದಿಯನ್ನು annualcreditreport.com ನಲ್ಲಿ ಬಿಟ್ಟಿಯಾಗಿ ನೋಡಬಹುದು. ಹೆಸರು ಹಿಂದೆ ಮುಂದೆ ಆಗಿರುವುದು ನಮ್ಮವರಿಗೆ ಮಾಮೂಲು, ತಂದೆಯ ಹೆಸರು ಸರ್‌ನೇಮ್ ಆಗಿ ಕೂತಿರುತ್ತದೆ. ಕಾರ್ಡಿನಲ್ಲಿ, ಪಾಸ್‌ಪೋರ್ಟಿನಲ್ಲಿ, ಲೈಸೆನ್ಸಿನಲ್ಲಿ ಒಂದೇ ರೀತಿ ಇರಲಿ.

ವಿಮೆ ಗಾಡಿಗಲ್ಲ, ನಿಮಗೆ

ಇದನ್ನು ಸ್ವಲ್ಪ ನಿಧಾನ ಓದಿ, ದುಡ್ಡು ಹೋಗುವುದು ಇಲ್ಲೇ.

ನಮ್ಮಲ್ಲಿ ಕಾರಿನ ವಿಮೆಯ ದರ ಮುಖ್ಯವಾಗಿ ಗಾಡಿಯನ್ನು ನೋಡಿ ಬರುತ್ತದೆ. ಎಂಜಿನ್ ಎಷ್ಟು ಸಿಸಿ, ಗಾಡಿಯ ಈಗಿನ ಬೆಲೆ ಎಷ್ಟು, ಇಷ್ಟು. ಓಡಿಸುವವನು ನಿನ್ನೆ ಲೈಸೆನ್ಸ್ ತೆಗೆದ ಹುಡುಗನೋ, ಮೂವತ್ತು ವರ್ಷ ಓಡಿಸಿದ ಅಜ್ಜನೋ, ದೊಡ್ಡ ವ್ಯತ್ಯಾಸ ಇಲ್ಲ. ಅಲ್ಲಿ ಉಲ್ಟಾ. ಅಲ್ಲಿ ನಿಮ್ಮ ವಯಸ್ಸು, ಅಮೆರಿಕದ ಲೈಸೆನ್ಸ್ ಸಿಕ್ಕಿ ಎಷ್ಟು ದಿನ ಆಯಿತು, ರಾತ್ರಿ ಕಾರು ನಿಲ್ಲುವ ಜಾಗದ ಪಿನ್‌ಕೋಡ್, ಜೊತೆಗೆ ಹೆಚ್ಚಿನ ರಾಜ್ಯಗಳಲ್ಲಿ ನಿಮ್ಮ ಕ್ರೆಡಿಟ್ ಕೂಡ ದರವನ್ನು ತೀರ್ಮಾನಿಸುತ್ತದೆ. ಕ್ಯಾಲಿಫೋರ್ನಿಯಾ, ಮ್ಯಾಸಚೂಸೆಟ್ಸ್, ಹವಾಯಿಯಲ್ಲಿ ಕ್ರೆಡಿಟ್ ನೋಡಿ ದರ ಹಾಕುವಂತಿಲ್ಲ. ಟೆಕ್ಸಾಸ್‌ನಲ್ಲಿ ಹಾಕಬಹುದು. ಹಾಗಾಗಿ ಕ್ರೆಡಿಟ್ ಇಲ್ಲದವನಿಗೆ ಎರಡು ಕಡೆಯಿಂದ ಪೆಟ್ಟು, ಸಾಲದ ಬಡ್ಡಿಯಲ್ಲೂ ವಿಮೆಯಲ್ಲೂ.

ಇನ್ನೊಂದು ವ್ಯತ್ಯಾಸವೂ ಇದೆ. ನಮ್ಮ ಥರ್ಡ್ ಪಾರ್ಟಿ ವಿಮೆಯಲ್ಲಿ ಜೀವಕ್ಕೆ ಅಪಾಯ ಆದರೆ ಕೋರ್ಟ್ ಹೇಳಿದಷ್ಟನ್ನು ಕಂಪನಿ ಕೊಡಬೇಕು, ಮಿತಿ ಇಲ್ಲ. ಅಲ್ಲಿ ಮಿತಿ ಇದೆ. ಟೆಕ್ಸಾಸ್‌ನಲ್ಲಿ ಕಾನೂನು ಕೇಳುವ ಕನಿಷ್ಠ ಮಿತಿಯನ್ನು 30/60/25 ಎಂದು ಬರೆಯುತ್ತಾರೆ. ಒಬ್ಬರಿಗೆ ಗಾಯವಾದರೆ 30 ಸಾವಿರ ಡಾಲರ್, ಒಂದು ಅಪಘಾತದಲ್ಲಿ ಎಲ್ಲರಿಗೂ ಸೇರಿ 60 ಸಾವಿರ, ಎದುರಿನವರ ಗಾಡಿ ಮತ್ತು ಆಸ್ತಿಗೆ 25 ಸಾವಿರ. ಹ್ಯೂಸ್ಟನ್ ರಸ್ತೆಯಲ್ಲಿ ನಿಮ್ಮ ಮುಂದೆ ಇರುವುದು 50 ಸಾವಿರದ ಪಿಕಪ್ ಆಗಿದ್ದು, ನೀವು ಅದನ್ನು ಪೂರ್ತಿ ಜಜ್ಜಿದರೆ ಉಳಿದ 25 ಸಾವಿರ ನಿಮ್ಮ ತಲೆಗೆ. ಮಿತಿಯನ್ನು 100/300/100ಕ್ಕೆ ಏರಿಸಿದರೆ ಎಷ್ಟು ಹೆಚ್ಚಾಗುತ್ತದೆ ಎಂದು ಕೇಳಿ. ರಕ್ಷಣೆ ಮೂರು ನಾಲ್ಕು ಪಟ್ಟಾದರೂ ವಿಮೆಯ ಕಂತು ಅಷ್ಟು ಪಟ್ಟು ಏರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಗಾಡಿಯಲ್ಲಿ ಎರಡು ಸಾವಿರ ಕಡಿಮೆ ಮಾಡಿ, ಇಲ್ಲಿ ಹಾಕಬೇಕು.

ವಿಮೆ ಇಲ್ಲದವನು ಬಂದು ನಿಮಗೆ ಗುದ್ದಿದರೆ ಬರುವ ರಕ್ಷಣೆಯೂ ಉಂಟು. ಟೆಕ್ಸಾಸ್‌ನಲ್ಲಿ ಅದು ಬೇಡವೆಂದರೆ ನೀವು ಬರೆದು ಸಹಿ ಹಾಕಿ ಕೊಡಬೇಕು. ಆನ್‌ಲೈನ್‌ನಲ್ಲಿ ಕಂತು ಕಡಿಮೆ ತೋರಿಸಲು ಬೇಡ ಎಂಬ ಚೌಕ ಮೊದಲೇ ಟಿಕ್ ಆಗಿರಬಹುದು. ಟಿಕ್ ತೆಗೆಯಿರಿ.

ಈಗ ಮಾಡಬೇಕಾದ ಕೆಲಸ ಇದು. ನಿಮಗೆ ಇಷ್ಟವಾದ ಮೂರು ಮಾದರಿಯ ಕಾರುಗಳನ್ನು ಮಾರಾಟದ ಜಾಹೀರಾತಿನಲ್ಲಿ ಹುಡುಕಿ, ಅವುಗಳ ವಿನ್ ನಂಬರ್ ಬರೆದುಕೊಳ್ಳಿ. ವಿನ್ ಎಂದರೆ ನಮ್ಮ ಚಾಸಿಸ್ ನಂಬರ್ ಇದ್ದ ಹಾಗೆ, 17 ಅಕ್ಷರ. ಆ ಮೂರನ್ನೂ ಒಂದೇ ಮಿತಿ ಹಾಕಿ ನಾಲ್ಕು ಕಂಪನಿಯಲ್ಲಿ ಕೇಳಿ. ಅಳಿಯ ನೋಡಿದ ಒಂದು ಕೊರಿಯನ್ ಕಾರು ಬೆಲೆಯಲ್ಲಿ ಸಾವಿರ ಡಾಲರ್ ಅಗ್ಗ ಇತ್ತು, ವಿಮೆಯಲ್ಲಿ ಎಲ್ಲಕ್ಕಿಂತ ದುಬಾರಿ. ಹ್ಯುಂಡೈ ಮತ್ತು ಕಿಯಾ ಕಂಪನಿಗಳು ಅಮೆರಿಕದಲ್ಲಿ ಮಾರಿದ ಹಿಂದಿನ ಹಲವು ಮಾದರಿಗಳಲ್ಲಿ, ಕೀ ತಿರುಗಿಸಿ ಸ್ಟಾರ್ಟ್ ಮಾಡುವ ಗಾಡಿಗಳಲ್ಲಿ, ಸರಿಯಾದ ಕೀ ಇಲ್ಲದೆ ಸ್ಟಾರ್ಟ್ ಆಗದಂತೆ ತಡೆಯುವ ಇಮೊಬಿಲೈಸರ್ ಇರಲಿಲ್ಲ. ಅಂಥ ಗಾಡಿ ಕದಿಯುವ ವಿಧಾನ ವಿಡಿಯೊಗಳಲ್ಲಿ ಹಬ್ಬಿ, ಕೆಲವು ವಿಮಾ ಕಂಪನಿಗಳು ಕೆಲವು ಊರುಗಳಲ್ಲಿ ಹೊಸ ಪಾಲಿಸಿ ಕೊಡುವುದನ್ನೇ ನಿಲ್ಲಿಸಿದ್ದವು. ಗಾಡಿ ಕೊಂಡ ಮೇಲೆ ಇದು ಗೊತ್ತಾಗಿ ಏನು ಪ್ರಯೋಜನ?

ಎರಡು ಲೆಕ್ಕ

ಅಳಿಯನ ಫೋನಿನ ಕಾರಿಗೆ ಬರೋಣ. 16 ಸಾವಿರದ ಗಾಡಿ, 4 ಸಾವಿರ ಕೈಯಿಂದ, 12 ಸಾವಿರ ಸಾಲ. ಕ್ರೆಡಿಟ್ ಇಲ್ಲದ್ದರಿಂದ ಶೇಕಡಾ 15 ಬಡ್ಡಿ, 60 ಕಂತು. ಕಂತು 285 ಎಂದು ಅವನು ಹೇಳಿದ್ದು ಸುಳ್ಳಲ್ಲ. ಆದರೆ ಸಾಲದ ಗಾಡಿಗೆ ಸಾಲ ಕೊಟ್ಟವರು ಪೂರ್ತಿ ವಿಮೆ ಕೇಳುತ್ತಾರೆ, ಅಂದರೆ ನಿಮ್ಮ ಗಾಡಿಗೂ ಸೇರಿ. ಅವನಿಗೆ ಸಿಕ್ಕ ಅತಿ ಕಡಿಮೆ ದರ ಆರು ತಿಂಗಳಿಗೆ 1,560. ತಿಂಗಳಿಗೆ 260 ಆಯಿತು. ಎರಡೂ ಸೇರಿ 545. ಪೆಟ್ರೋಲ್ ಬೇರೆ.

ಇನ್ನೊಂದು ದಾರಿ, ಎಂಟು ಸಾವಿರದ ಸುಮಾರಿಗೆ ಸಿಗುವ ಹಳೆಯ ಗಾಡಿ, ಪೂರ್ತಿ ನಗದು. ಸಾಲ ಇಲ್ಲದ್ದರಿಂದ ಎದುರಿನವರ ನಷ್ಟ ತುಂಬುವ ವಿಮೆ ಮಾತ್ರ ಸಾಕು, ಮಿತಿ ಏರಿಸಿಯೂ ಆರು ತಿಂಗಳಿಗೆ 690, ತಿಂಗಳಿಗೆ 115. ಎರಡರ ನಡುವೆ ತಿಂಗಳಿಗೆ 430 ವ್ಯತ್ಯಾಸ. ವರ್ಷಕ್ಕೆ 5,160 ಡಾಲರ್. ನಷ್ಟದ ಕಡೆಯೂ ಹೇಳಬೇಕು: ಈ ಗಾಡಿಯನ್ನು ನಿಮ್ಮ ತಪ್ಪಿನಿಂದಲೇ ಜಜ್ಜಿಕೊಂಡರೆ ಒಂದು ಡಾಲರೂ ಬರುವುದಿಲ್ಲ. ಎಂಟು ಸಾವಿರ ಹೋದರೆ ತಡೆಯುವ ಶಕ್ತಿ ಇಲ್ಲ ಎನ್ನುವವರು ಅದಕ್ಕೂ ವಿಮೆ ಸೇರಿಸಿ.

ನಗದು ಇಲ್ಲ, ಸಾಲ ಬೇಕೇ ಬೇಕು ಎನ್ನುವವರು ಡೀಲರ್ ಹತ್ತಿರ ಹೋಗುವ ಮೊದಲು ಕ್ರೆಡಿಟ್ ಯೂನಿಯನ್‌ಗೆ ಹೋಗಿ. ನಮ್ಮ ಸಹಕಾರಿ ಸೊಸೈಟಿಯ ಅಣ್ಣತಮ್ಮ ಅದು. ಮೊದಲ ಗಾಡಿ ಕೊಳ್ಳುವವರಿಗೆ, ಕೆಲಸದ ಪತ್ರ ನೋಡಿ ಸಾಲ ಕೊಡುವ ಯೋಜನೆ ಕೆಲವು ಕಡೆ ಇದೆ. ಸಾಲದ ಅವಧಿಯನ್ನು ವೀಸಾ ಮುಗಿಯುವ ದಿನಕ್ಕೆ ಸರಿ ಮಾಡುವುದೂ ಉಂಟು. ಡೀಲರ್ ಕೊಡಿಸುವ ಸಾಲದ ಬಡ್ಡಿಯಲ್ಲಿ ಅವನ ಪಾಲೂ ಸೇರಿರಬಹುದು, ಕೈಯಲ್ಲಿ ಇನ್ನೊಂದು ಒಪ್ಪಿಗೆ ಪತ್ರ ಇದ್ದರೆ ಮಾತಾಡಲು ಬಲ ಬರುತ್ತದೆ. ನಾಲ್ಕು ಕಡೆ ಕೇಳಿದರೆ ಸ್ಕೋರ್ ಬೀಳುತ್ತದೆ ಎಂದು ಹೆದರಬೇಡಿ. ಎರಡು ವಾರದೊಳಗೆ ಕೇಳಿದ ಕಾರ್ ಸಾಲಗಳನ್ನೆಲ್ಲ ಫೈಕೊ ಒಂದೇ ವಿಚಾರಣೆ ಎಂದು ಲೆಕ್ಕ ಹಾಕುತ್ತದೆ.

ಕ್ರೆಡಿಟ್ ನೋಡುವುದೇ ಇಲ್ಲ, ನಮ್ಮಲ್ಲೇ ಕೊಳ್ಳಿ ನಮ್ಮಲ್ಲೇ ಕಟ್ಟಿ ಎಂದು ಬೋರ್ಡ್ ಹಾಕಿದ ಅಂಗಡಿಗಳ ಕಡೆ ಹೋಗಬೇಡಿ. ಬಡ್ಡಿ ಅಲ್ಲೇ ಅತಿ ಹೆಚ್ಚು. ಕಂತು ತಪ್ಪಿದರೆ ದೂರದಿಂದಲೇ ಗಾಡಿ ಸ್ಟಾರ್ಟ್ ಆಗದಂತೆ ಮಾಡುವ ಯಂತ್ರ ಕೂರಿಸಿದವರೂ ಇದ್ದಾರೆ.

ಮೂರು ಕಾರು ನೋಡಿದೆವು

ಏಪ್ರಿಲ್ ತನಕ ಅಳಿಯ ಆಫೀಸಿನವರ ಕಾರಿನಲ್ಲಿ ಹೋಗಿ ಬಂದ, ಪೆಟ್ರೋಲಿಗೆ ದುಡ್ಡು ಕೊಟ್ಟ. ಆಮೇಲೆ ಗಾಡಿ ಹುಡುಕಲು ಶುರು. ಅಲ್ಲಿ ಶನಿವಾರ ಬೆಳಿಗ್ಗೆ ಹತ್ತು ಎಂದರೆ ಇಲ್ಲಿ ರಾತ್ರಿ ಎಂಟೂವರೆ. ನಾನು ಊಟದ ತಟ್ಟೆ ಹಿಡಿದು ವಿಡಿಯೊ ಕಾಲ್‌ನಲ್ಲಿ ಕೂರುತ್ತಿದ್ದೆ.

ಮೊದಲನೆಯದು ಬಿಳಿ ಸೆಡಾನ್. ಹೊರಗಿನಿಂದ ಚಂದ, ಬೆಲೆ ಮಾರುಕಟ್ಟೆಗಿಂತ ಎರಡು ಸಾವಿರ ಕಡಿಮೆ. "ಒಳಗೆ ಕೂತು ಬಾಗಿಲು ಹಾಕು, ಮೂಸಿ ನೋಡು" ಎಂದೆ. "ಸುಗಂಧ ಜಾಸ್ತಿ ಹೊಡೆದಿದ್ದಾರೆ ಮಾವ. ಅದರ ಕೆಳಗೆ ಆಟಿಯ ಮಳೆಯಲ್ಲಿ ಮುಚ್ಚಿಟ್ಟ ಗಾಡಿಯ ವಾಸನೆ" ಎಂದ. ಕರಾವಳಿಯವನ ಮೂಗು, ಬೇರೆ ಸರ್ಟಿಫಿಕೇಟ್ ಬೇಡ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯಲು ಹೇಳಿದೆ. ದಿನಾ ಬಳಸದ ಆ ಕೊನೆಯ ಒಂದು ಅಡಿಯಲ್ಲಿ ಕಂದು ಗೆರೆ ಇತ್ತು. ಡಿಕ್ಕಿಯ ಚಾಪೆ ಎತ್ತಿ, ಸ್ಟೆಪ್ನಿ ತೆಗೆದರೆ ಅದರ ಗುಂಡಿಯಲ್ಲಿ ಒಣಗಿದ ಕೆಸರಿನ ಹುಡಿ. ನೆರೆಯಲ್ಲಿ ನಿಂತ ಗಾಡಿ. 2017ರ ಹಾರ್ವೆ ಚಂಡಮಾರುತದಲ್ಲಿ ಹ್ಯೂಸ್ಟನ್‌ನ ಲೆಕ್ಕವಿಲ್ಲದಷ್ಟು ಕಾರುಗಳು ಮುಳುಗಿದ್ದವು, ಆಮೇಲೂ ನೆರೆ ಬಂದಿದೆ. ನೀರು ಹೊಕ್ಕ ಗಾಡಿಯ ವೈರಿಂಗ್ ಒಳಗೊಳಗೇ ಹಸಿರುಗಟ್ಟಿ ವರ್ಷದ ಮೇಲೆ ಕೈಕೊಡುತ್ತದೆ.

ಎರಡನೆಯದು ನೋಡಲು ಎಲ್ಲ ಸರಿ. ಅಳಿಯನ ಹತ್ತಿರ ಎಂಜಿನ್ನಿನ ದೋಷ ಓದುವ ಇಪ್ಪತ್ತು ಡಾಲರಿನ ಒಬಿಡಿ ಸ್ಕ್ಯಾನರ್ ಇತ್ತು. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿದ. ದೋಷ ಒಂದೂ ಇಲ್ಲ ಎಂದು ಬಂತು. ಆದರೆ ಅದೇ ಪರದೆಯಲ್ಲಿ ಗಾಡಿಯ ಸ್ವಂತ ಪರೀಕ್ಷೆಗಳ ಪಟ್ಟಿ ಇರುತ್ತದೆ. ಅದರಲ್ಲಿ ಐದು ಸಾಲು "ಮುಗಿದಿಲ್ಲ" ಎಂದು ತೋರಿಸುತ್ತಿತ್ತು. ಇದರ ಅರ್ಥ, ಯಾರೋ ಇತ್ತೀಚೆಗೆ ದೋಷದ ಕೋಡ್‌ಗಳನ್ನು ಅಳಿಸಿದ್ದಾರೆ, ಅಥವಾ ಬ್ಯಾಟರಿ ಕಳಚಿದ್ದಾರೆ. ಎಂಜಿನ್ ಲೈಟ್ ಆರಿಸಿ ಮಾರುವವರ ಹಳೇ ಕಸರತ್ತು. "ವಾರ ಓಡಿಸಿ, ಮತ್ತೆ ಬಂದು ನೋಡುತ್ತೇನೆ" ಎಂದು ಮಾರುವವನಿಗೆ ಹೇಳಿದ. ಅವನು ಫೋನ್ ಎತ್ತಲಿಲ್ಲ.

ಮೂರನೆಯದು 2014ರ ಕೊರೊಲ್ಲಾ, ಓಡಿದ್ದು 98 ಸಾವಿರ ಮೈಲಿ, ಹತ್ತಿರ ಹತ್ತಿರ 1 ಲಕ್ಷ 58 ಸಾವಿರ ಕಿಲೋಮೀಟರ್. ಒಬ್ಬ ನಿವೃತ್ತ ದಂಪತಿಯದು. ಬರುವ ಮೊದಲು ಎಂಜಿನ್ ಬಿಸಿ ಮಾಡಬೇಡಿ ಎಂದು ಕೇಳಿಕೊಂಡಿದ್ದ, ತಣ್ಣಗಿದ್ದಾಗಲೇ ಸ್ಟಾರ್ಟಿನ ನಿಜ ಗೊತ್ತಾಗುವುದು. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತದೆ, 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಈ ಕಾರಿನಲ್ಲಿದ್ದದ್ದು ಅದೇ, ಟೈರ್ ಬದಲಾಯಿಸಬೇಕೆಂದು ನಾನೂರು ಇಳಿಸಿ ಕೇಳಿದ. ವಿನ್ ನಂಬರನ್ನು nhtsa.gov/recalls ನಲ್ಲಿ ಹಾಕಿ, ಕಂಪನಿಯವರು ಬಿಟ್ಟಿ ರಿಪೇರಿ ಮಾಡಿಕೊಡಬೇಕಾದ ದೋಷ ಬಾಕಿ ಇದೆಯಾ ನೋಡಿದ. ಕೊನೆಗೆ ಮಾರುವವರಿಗೆ ಸಂಬಂಧವೇ ಇಲ್ಲದ ಮೆಕ್ಯಾನಿಕ್ ಹತ್ತಿರ 150 ಡಾಲರ್ ಕೊಟ್ಟು ಗಾಡಿ ಎತ್ತಿಸಿ ಕೆಳಗೆ ನೋಡಿಸಿದ. ಮೆಕ್ಯಾನಿಕ್ ಹತ್ತಿರ ಒಯ್ಯಲು ಒಪ್ಪದವರಿದ್ದರೆ ಅಲ್ಲಿಗೇ ನಮಸ್ಕಾರ ಹೇಳಿ ಬನ್ನಿ. ವ್ಯಾಪಾರ 8,400ಕ್ಕೆ ಕುದುರಿತು.

ಡೀಲರ್ ಹತ್ತಿರ ಹಳೆ ಗಾಡಿ ಕೊಂಡರೆ ಕಿಟಕಿಗೆ ಒಂದು ಕಾಗದ ಅಂಟಿಸಿರುತ್ತಾರೆ. ಅದರಲ್ಲಿ "ಆ್ಯಸ್ ಈಸ್" ಚೌಕಕ್ಕೆ ಗುರುತು ಬಿದ್ದಿದ್ದರೆ, ಗೇಟ್ ದಾಟಿದ ಮೇಲೆ ಕೆಟ್ಟದ್ದು ನಿಮ್ಮದೇ. ಮೂರು ದಿನದೊಳಗೆ ವಾಪಸ್ ಕೊಡಬಹುದು ಎಂದು ನಮ್ಮವರಲ್ಲೇ ಅನೇಕರು ನಂಬಿದ್ದಾರೆ. ಟೆಕ್ಸಾಸ್‌ನಲ್ಲಿ ಡೀಲರ್ ಅಂಗಡಿಯಲ್ಲಿ ಕೊಂಡ ಕಾರಿಗೆ ಅಂಥ ಕಾನೂನು ಇಲ್ಲ.

ಟೈಟಲ್ ಮತ್ತು ದುಡ್ಡು

ಟೈಟಲ್ ಎಂದರೆ ನಮ್ಮ ಆರ್‌ಸಿ ಪುಸ್ತಕದ ಮಾಲೀಕತ್ವದ ಭಾಗ. ದುಡ್ಡು ಕೊಡುವ ಮೊದಲು ಮೂರು ವಿಷಯ ನೋಡಬೇಕು. ಅದರಲ್ಲಿರುವ ಹೆಸರು ಮಾರುವವರ ಗುರುತಿನ ಚೀಟಿಯಲ್ಲಿ ಇದೆಯಾ, ವಿನ್ ನಂಬರ್ ಗಾಜಿನ ಕೆಳಗಿನ ಪಟ್ಟಿಯ ನಂಬರಿಗೆ ಸರಿಯಾಗಿದೆಯಾ, ಬ್ಯಾಂಕಿನ ಸಾಲ ಬಾಕಿ ಎಂದು ನಮೂದಾಗಿದೆಯಾ. "ಸಾಲ್ವೇಜ್" ಅಥವಾ "ರಿಬಿಲ್ಟ್" ಎಂದಿದ್ದರೆ ಒಮ್ಮೆ ಗುಜರಿ ಲೆಕ್ಕಕ್ಕೆ ಹೋಗಿ ಬಂದ ಗಾಡಿ. ಟೈಟಲ್‌ನಲ್ಲಿ ಬೇರೆಯವರ ಹೆಸರಿದ್ದು "ಅವರು ನಮ್ಮ ಸ್ನೇಹಿತರೇ" ಎಂದರೆ ಅವನು ಲೈಸೆನ್ಸ್ ಇಲ್ಲದ ಬ್ರೋಕರ್, ಬಿಟ್ಟು ಬನ್ನಿ.

ಅಳಿಯ ಮತ್ತು ಆ ದಂಪತಿ ಬ್ಯಾಂಕಿನಲ್ಲೇ ಭೇಟಿಯಾಗಿ, ನಮ್ಮ ಡಿಡಿ ಇದ್ದ ಹಾಗಿನ ಕ್ಯಾಷಿಯರ್ಸ್ ಚೆಕ್ ಮಾಡಿಸಿ, ಅಲ್ಲಿಂದ ನೇರ ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ತೆರಿಗೆ ಕಚೇರಿಗೆ ಹೋದರು. ಜೊತೆಯಲ್ಲೇ ಹೋಗುವುದು ಒಳ್ಳೆಯದು, ಟೈಟಲ್ ಬದಲಿಸುವ 130-U ಅರ್ಜಿಗೆ ಇಬ್ಬರ ಸಹಿಯೂ ಅಲ್ಲೇ ಆಗುತ್ತದೆ. ಟೈಟಲ್ ಬದಲಿಸಲು 30 ದಿನದ ಗಡುವು ಇದೆ. ತೆರಿಗೆ ಶೇಕಡಾ 6.25, ಅವನಿಗೆ 525 ಡಾಲರ್ ಬಂತು. ಪೇಪರಿನಲ್ಲಿ ಬೆಲೆ ಕಡಿಮೆ ಬರೆಯುವ ಐಡಿಯಾ ತಲೆಗೆ ಬಂದರೆ ಬಿಟ್ಟುಬಿಡಿ. ಅವರ ಹತ್ತಿರ ಪ್ರತಿ ಗಾಡಿಗೂ ಒಂದು ಅಂದಾಜು ಬೆಲೆ ಇರುತ್ತದೆ. ನೀವು ಕೊಟ್ಟ ಬೆಲೆ ಅದರ ಶೇಕಡಾ 80ಕ್ಕಿಂತ ಕಡಿಮೆಯಾದರೆ ತೆರಿಗೆಯನ್ನು ಆ 80ರ ಮೇಲೆಯೇ ಹಾಕುತ್ತಾರೆ.

ವಿಮೆಯನ್ನು ಹಿಂದಿನ ರಾತ್ರಿಯೇ ಆ ವಿನ್ ನಂಬರಿಗೆ ಮಾಡಿಸಿಟ್ಟಿದ್ದ, ಬೆಳಗಿನಿಂದ ಜಾರಿಗೆ ಬರುವ ಹಾಗೆ. ಪಾಲಿಸಿ ಆರೇ ತಿಂಗಳಿನದು. ಅಕ್ಟೋಬರ್‌ನಲ್ಲಿ ನವೀಕರಣದ ಹೊತ್ತಿಗೆ ಅವನ ಫೈಕೊ ಸ್ಕೋರ್ ಹುಟ್ಟಿತ್ತು, ಟೆಕ್ಸಾಸ್ ಲೈಸೆನ್ಸಿಗೂ ಆರು ತಿಂಗಳು ದಾಟಿತ್ತು. ಹಳೆಯ ಕಂಪನಿ ತಾನಾಗಿ ದರ ಇಳಿಸಲಿಲ್ಲ. ಮತ್ತೆ ನಾಲ್ಕು ಕಡೆ ಕೇಳಿ, ಕಡಿಮೆ ಬಂದ ಕಡೆ ಬದಲಾಯಿಸಿದ. ಮೊದಲ ಎರಡು ವರ್ಷ ಪ್ರತಿ ಆರು ತಿಂಗಳಿಗೊಮ್ಮೆ ಹೀಗೆ ಕೇಳುತ್ತಿರಬೇಕು ಎಂದು ಹೇಳಿದ್ದೇನೆ.